ಕೆಲವರು ಸಂದೇಹಪಟ್ಟರು

ಕ್ರಿಸ್ತನು ಎದ್ದಿದ್ದಾನೆ!

‘ನಿಜವಾಗಿಯೂ ಎದ್ದಿದ್ದಾನೆ’ ಎಂಬ ನಿಮ್ಮ ಉತ್ತರ ಕೇಳಿಸಿತು. ಕೆಲವರು ಎದೆ ತುಂಬಿ ಹೇಳಿದಿರಿ, ಕೆಲವರ ಮಾತು ತುಟಿಯಲ್ಲೇ ಉಳಿಯಿತು. ಬಾಯಿ ತೆರೆಯದೆ ನಿಂತವರೂ ಇದ್ದೀರಿ. ಇಂದಿನ ಪ್ರಸಂಗ ಮೊದಲು ನಿಮಗಾಗಿ.

ಕ್ರಿಸ್ಮಸ್ ದಿನ ಕಂಡ ಎಷ್ಟೋ ಮುಖಗಳನ್ನು ಇಂದು ಮತ್ತೆ ಕಾಣುತ್ತಿದ್ದೇನೆ. ಬೆಂಗಳೂರಿನಿಂದ, ಪುಣೆಯಿಂದ ರಾತ್ರಿಯ ಬಸ್ಸಿನಲ್ಲಿ ಬಂದಿಳಿದವರು, ತಾಯಿಯ ಮನಸ್ಸು ನೋಯಬಾರದೆಂದು ಜೊತೆಗೆ ಬಂದ ಮಕ್ಕಳು, ಬೇರೆ ಧರ್ಮದಲ್ಲಿ ಬೆಳೆದ ಅಳಿಯ ಸೊಸೆಯರು, ಎಲ್ಲರೂ ಇಲ್ಲಿದ್ದೀರಿ. ಜಗಲಿಯ ಕುರ್ಚಿಗಳೂ ತುಂಬಿವೆ. ನೀವು ಬಂದದ್ದು ನನಗೆ ಬಹಳ ಸಂತೋಷ. ವರ್ಷಕ್ಕೆ ಎಷ್ಟು ಸಲ ಬಂದಿರೆಂದು ಇಲ್ಲಿ ಯಾರೂ ಕೇಳುವುದಿಲ್ಲ.

ಪ್ರತಿ ಭಾನುವಾರ ತಪ್ಪದೆ ಬರುವ ಹಿರಿಯರೊಬ್ಬರು ತಪಸ್ಸಿನ ಕಾಲದಲ್ಲಿ ನನ್ನ ಮನೆಗೆ ಬಂದಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ‘ಅಯ್ಯನವರೇ, ಹೆಂಡತಿಯನ್ನು ಮಣ್ಣು ಮಾಡಿ ಬಂದ ಮೇಲೆ ವಿಶ್ವಾಸ ಪ್ರಮಾಣದಲ್ಲಿ ಒಂದು ಸಾಲು ನನ್ನ ಬಾಯಿಂದ ಬರುತ್ತಿಲ್ಲ. ಶರೀರ ಪುನರುತ್ಥಾನ ಎಂಬಲ್ಲಿಗೆ ಬಂದಾಗ ಸುಮ್ಮನಾಗುತ್ತೇನೆ. ನಾನು ಇನ್ನು ಸಭೆಗೆ ಬರುವುದು ಮೋಸವಲ್ಲವೇ?’ ಎಂದರು. ಆ ಸಂಜೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಅವರು ಹೋದ ಮೇಲೆ ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯವನ್ನು ತೆರೆದು ಕುಳಿತೆ.

ಹನ್ನೊಂದು ಮಂದಿ ಶಿಷ್ಯರು ಗಲಿಲಾಯದ ಬೆಟ್ಟಕ್ಕೆ ಹೋಗುತ್ತಾರೆ. ಎದ್ದು ಬಂದ ಯೇಸುವನ್ನು ಕಾಣುತ್ತಾರೆ, ಅಡ್ಡಬೀಳುತ್ತಾರೆ. ಅದೇ ವಾಕ್ಯದಲ್ಲಿ ಮತ್ತಾಯನು ಬರೆಯುತ್ತಾನೆ: ಆದರೆ ಕೆಲವರು ಸಂದೇಹಪಟ್ಟರು. ಕಣ್ಣೆದುರಿಗೆ ಆತನೇ ನಿಂತಿದ್ದಾನೆ, ಆದರೂ ಸಂದೇಹ! ಕಥೆ ಕಟ್ಟುವವನಾಗಿದ್ದರೆ ಈ ಮಾತನ್ನು ಬಿಟ್ಟುಬಿಡುತ್ತಿದ್ದ. ಹಾಗೆಯೇ ಬರಿದಾದ ಸಮಾಧಿಯ ಸುದ್ದಿಯನ್ನು ಮೊದಲು ತಂದವರು ಹೆಂಗಸರು, ಶಿಷ್ಯರಿಗೆ ಅದು ಹುರುಳಿಲ್ಲದ ಮಾತಾಗಿ ಕಂಡಿತು ಎಂದು ಲೂಕನೂ ಮುಚ್ಚಿಡದೆ ಬರೆದಿದ್ದಾನೆ. ಹೆಣ್ಣಿನ ಸಾಕ್ಷ್ಯಕ್ಕೆ ಬೆಲೆ ಕಡಿಮೆಯಿದ್ದ ಕಾಲ ಅದು. ಈ ಬರಹಗಾರರನ್ನು ನಾನು ನಂಬುವುದಕ್ಕೆ ಇಂಥ ಸಾಲುಗಳೇ ಒಂದು ಕಾರಣ.

‘ಸಂದೇಹಪಟ್ಟರು’ ಎಂಬಲ್ಲಿ ಮತ್ತಾಯನು ಬಳಸಿದ ಗ್ರೀಕ್ ಪದದೊಳಗೆ ‘ಎರಡು’ ಎಂಬುದು ಅಡಗಿದೆ. ನಮ್ಮ ಮಾತಿನಲ್ಲಿ ಇಬ್ಬಗೆಯಾದ ಮನಸ್ಸು. ನಂಬಿಕೆ ಪೂರ್ತಿ ಹೋಗಿಲ್ಲ, ಪೂರ್ತಿ ನಿಂತೂ ಇಲ್ಲ. ಹೊಸ ಒಡಂಬಡಿಕೆಯಲ್ಲಿ ಈ ಪದ ಎರಡೇ ಕಡೆ ಬರುತ್ತದೆ, ಎರಡೂ ಮತ್ತಾಯನಲ್ಲೇ. ಇನ್ನೊಂದು ಕಡೆ ಯಾವುದು ಗೊತ್ತೇ? ಪೇತ್ರನು ನೀರಿನ ಮೇಲೆ ನಾಲ್ಕು ಹೆಜ್ಜೆ ಇಟ್ಟು, ಗಾಳಿಯನ್ನು ನೋಡಿ ಹೆದರಿ, ಮುಳುಗುತ್ತಾ ಕೂಗಿಕೊಂಡ ರಾತ್ರಿ. ‘ಯಾಕೆ ಸಂದೇಹಪಟ್ಟೆ?’ ಎಂದು ಯೇಸು ಕೇಳಿದ್ದು ಆಗ. ಆದರೆ ಕೇಳುವುದಕ್ಕಿಂತ ಮೊದಲೇ ಕೈಚಾಚಿ ಹಿಡಿದಿದ್ದನು. ಕೈ ಮೊದಲು, ಪ್ರಶ್ನೆ ಆಮೇಲೆ. ಉತ್ತರ ಕೊಟ್ಟರೆ ಮಾತ್ರ ಹಿಡಿಯುತ್ತೇನೆ ಎಂದು ಆತನು ದಡದಲ್ಲಿ ಕಾಯುತ್ತಿರಲಿಲ್ಲ.

ಬೆಟ್ಟದ ಮೇಲೂ ಹಾಗೆಯೇ. ನಂಬಿದವರು ಈ ಕಡೆ, ಸಂದೇಹಪಟ್ಟವರು ಆ ಕಡೆ ಎಂದು ಆತನು ಸಾಲು ಬೇರ್ಪಡಿಸಲಿಲ್ಲ. ‘ಯೇಸು ಹತ್ತಿರಕ್ಕೆ ಬಂದು’ ಎಂದಿದೆ. ಹತ್ತಿರಕ್ಕೆ ಬಂದು ಹನ್ನೊಂದು ಮಂದಿಯನ್ನೂ ಲೋಕಕ್ಕೆ ಕಳುಹಿಸಿದನು. ಯಾವಾಗಲೂ ನಿಮ್ಮ ಸಂಗಡ ಇರುತ್ತೇನೆ ಎಂಬ ವಾಗ್ದಾನವೂ ಹನ್ನೊಂದು ಮಂದಿಗೂ ಸೇರಿದ್ದು.

ಸಂದೇಹ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅದು ನೋವು ಕೊಡುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ. ಪುನರುತ್ಥಾನವೆಂದರೆ ವಸಂತದ ಚಿಗುರಿನಂಥ ಒಂದು ಸುಂದರ ಕಲ್ಪನೆಯಷ್ಟೇ ಎಂದು ಹೇಳಿ ನಿಮ್ಮ ಭಾರ ಇಳಿಸಲೂ ನಾನು ಒಪ್ಪುವುದಿಲ್ಲ. ಇಂದು ಬೆಳಗಿನ ಜಾವ ಸಮಾಧಿ ತೋಟದಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದೆವು. 1837ರಲ್ಲಿ ಬಾಸೆಲ್ ಮಿಷನ್ ಈ ಧಾರವಾಡಕ್ಕೆ ಬಂದ ಮೇಲೆ ತಲೆಮಾರುಗಳು ಇದೇ ಮಾತನ್ನು ನಂಬಿ ಮಣ್ಣಿಗೆ ಇಳಿದಿವೆ. ಆ ಹಿರಿಯರ ಹೆಂಡತಿಯ ಸಮಾಧಿಯ ಮಣ್ಣು ಇನ್ನೂ ಹಸಿಯಾಗಿಯೇ ಕಾಣುತ್ತದೆ. ಅದರ ಪಕ್ಕದಲ್ಲಿ ನಿಂತು ಚಿಗುರಿನ ಮಾತಾಡಲು ನನಗೆ ಬಾಯಿ ಬರಲಿಲ್ಲ. ಅಲ್ಲಿ ಹೇಳಲು ನನಗಿದ್ದದ್ದು ಒಂದೇ: ಯೇಸುವನ್ನು ಇಟ್ಟಿದ್ದ ಸಮಾಧಿ ಬರಿದಾಗಿತ್ತು, ಆತನು ಜೀವಿಸುತ್ತಾನೆ, ಆಕೆಯನ್ನೂ ಎಬ್ಬಿಸುವನು. ಇದನ್ನು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ. ನಿಮಗೆ ಇಂದು ಆಗದಿದ್ದರೆ ಬೆಟ್ಟವಿಳಿದು ಹೋಗಿಬಿಡಬೇಡಿ. ಆತನು ಹತ್ತಿರಕ್ಕೆ ಬರುವವರೆಗೆ ನಮ್ಮೊಂದಿಗೆ ನಿಂತಿರಿ.

ಈಗ ವಿಶ್ವಾಸ ಪ್ರಮಾಣವನ್ನು ಹೇಳೋಣ. ಯಾವುದಾದರೂ ಸಾಲಿನಲ್ಲಿ ನಿಮ್ಮ ಧ್ವನಿ ನಿಂತುಹೋದರೆ ಸುಮ್ಮನಿರಿ, ನಾಚಬೇಡಿ. ಪಕ್ಕದಲ್ಲಿರುವವರೇ, ಆ ಸಾಲನ್ನು ಅವರ ಪಾಲಿಗೂ ಸೇರಿಸಿ ಸ್ವಲ್ಪ ಗಟ್ಟಿಯಾಗಿ ಹೇಳಿ. ಎಲ್ಲರೂ ಎದ್ದು ನಿಲ್ಲೋಣ.