ತೊಗರಿ ಗಿಡಗಳು ಒಣಗುತ್ತಿರುವ ಬಗ್ಗೆ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗಳಿಗೆ ಪತ್ರ

ದಿನಾಂಕ: 4 ನವೆಂಬರ್ 2024

ಇವರಿಗೆ,
ಕೃಷಿ ಅಧಿಕಾರಿಗಳು,
ರೈತ ಸಂಪರ್ಕ ಕೇಂದ್ರ, ನಿಂಬರ್ಗಾ,
ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ.

ಇಂದ,
ಶರಣಪ್ಪ ಬಸಣ್ಣ ಪಾಟೀಲ, ರೈತ,
ನಿಂಬರ್ಗಾ.

ವಿಷಯ: ಹೂವು ಮತ್ತು ಎಳೆಗಾಯಿ ಹಂತದ ತೊಗರಿ ಗಿಡಗಳು ಒಣಗುತ್ತಿದ್ದು, ರೋಗ ಗುರುತಿಸಿ ಸಲಹೆ ನೀಡುವ ಕುರಿತು.

ಮಾನ್ಯರೇ,

ನಮ್ಮ ನಾಲ್ಕು ಎಕರೆ ಹೊಲದ ತೊಗರಿಯಲ್ಲಿ ಅಕ್ಟೋಬರ್ ಎರಡನೇ ವಾರದಿಂದ ಗಿಡಗಳು ಅಲ್ಲಲ್ಲಿ ಬಾಡಿ ಒಣಗುತ್ತಿವೆ. ಊರಲ್ಲಿ ಎಲ್ಲರೂ ಇದನ್ನು ನೆಟೆ ರೋಗವೆಂದೇ ಕರೆಯುತ್ತಿದ್ದಾರೆ. ಆದರೆ ಗಿಡಗಳನ್ನು ಕಿತ್ತು, ಸೀಳಿ ನೋಡಿದಾಗ ಹೊಲದ ಒಂದೊಂದು ಭಾಗದಲ್ಲಿ ಒಂದೊಂದು ಬಗೆಯ ಲಕ್ಷಣ ಕಾಣುತ್ತಿರುವುದರಿಂದ, ಇದು ಒಂದೇ ರೋಗವಲ್ಲ ಎಂಬ ಬಲವಾದ ಅನುಮಾನ ನನಗಿದೆ. ಯಾವ ಔಷಧಿಗೂ ಹಣ ಹಾಕುವ ಮೊದಲು ತಮ್ಮಿಂದ ಖಚಿತಪಡಿಸಿಕೊಳ್ಳಬೇಕೆಂದು ಎಂಟು ಛಾಯಾಚಿತ್ರಗಳೊಂದಿಗೆ ಈ ಪತ್ರ ಬರೆಯುತ್ತಿದ್ದೇನೆ. ಪ್ರತಿ ಚಿತ್ರದ ಹಿಂಬದಿಯಲ್ಲಿ ಸಂಖ್ಯೆ ಮತ್ತು ತೆಗೆದ ದಿನಾಂಕ ಬರೆದಿದ್ದೇನೆ.

ಬೆಳೆಯ ವಿವರ ಹೀಗಿದೆ. ಮಿರಗದ ಮಳೆಯ ನಂತರ, ಜೂನ್ ಮೂರನೇ ವಾರದಲ್ಲಿ ಟಿ.ಎಸ್.-3ಆರ್ ತಳಿಯನ್ನು ಮೂರು ಅಡಿ ಸಾಲಿನಲ್ಲಿ ಕೂರಿಗೆಯಿಂದ ಬಿತ್ತಿದ್ದೇವೆ. ಪ್ರತಿ ಕೆ.ಜಿ. ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾದಿಂದ ಬೀಜೋಪಚಾರ ಮಾಡಲಾಗಿದೆ. ಎರಡು ಸಲ ಎಡೆ ಹೊಡೆದಿದ್ದೇವೆ, ಕಳೆನಾಶಕ ಬಳಸಿಲ್ಲ. ಹೂವಾಡುವ ಹೊತ್ತಿಗೆ ಕಾಯಿಕೊರಕದ ತತ್ತಿಗಳು ಕಂಡಿದ್ದರಿಂದ ಪ್ರೊಫೆನೊಫಾಸ್ ಅನ್ನು ಲೀಟರ್ ನೀರಿಗೆ 2 ಮಿ.ಲೀ.ನಂತೆ ಒಮ್ಮೆ ಸಿಂಪಡಿಸಲಾಗಿದೆ. ಬಾಡುವುದು ಆರಂಭವಾದದ್ದು ಈ ಸಿಂಪರಣೆಗಿಂತ ಮುಂಚೆಯೇ ಆದ್ದರಿಂದ ಔಷಧಿಯಿಂದ ಸುಟ್ಟಿರಬಹುದೆಂಬ ಸಂಶಯಕ್ಕೆ ಎಡೆಯಿಲ್ಲ. ಹೊಲದ ಬಹುಭಾಗ ಆಳವಾದ ಎರೆ ಭೂಮಿ. ಪೂರ್ವದ ತಗ್ಗಿನಲ್ಲಿ ಸೆಪ್ಟೆಂಬರ್ ಮೊದಲ ವಾರದ ದೊಡ್ಡ ಮಳೆಗೆ ಒಡ್ಡಿನ ಪಕ್ಕ ನೀರು ನಿಂತಿತ್ತು. ಪಶ್ಚಿಮದ ದಿಬ್ಬ ಮಾತ್ರ ಕಲ್ಲು ಮಿಶ್ರಿತ ತೆಳುವಾದ ಮಣ್ಣು.

ಮೊದಲ ಚಿತ್ರವನ್ನು ಒಡ್ಡಿನ ಮೇಲೆ ನಿಂತು ತೆಗೆದಿದ್ದು, ಒಣಗಿದ ಗಿಡಗಳು ಇಡೀ ಹೊಲದಲ್ಲಿ ಸಮನಾಗಿ ಹರಡದೆ ಗುಂಪುಗುಂಪಾಗಿರುವುದು ಅದರಲ್ಲಿ ಕಾಣುತ್ತದೆ. ಎರಡನೆಯ ಮತ್ತು ಮೂರನೆಯ ಚಿತ್ರಗಳು ಹೊಲದ ನಡುಭಾಗದ ಒಂದೇ ಗಿಡದವು. ಎಲೆಗಳು ಮೊದಲು ತಿಳಿ ಹಳದಿಯಾಗಿ ಜೋತುಬಿದ್ದು, ಉದುರದೆ ಗಿಡದಲ್ಲೇ ಒಣಗಿವೆ. ನೆಲಮಟ್ಟದಿಂದ ಮೇಲಕ್ಕೆ ಸುಮಾರು ಎರಡು ಅಡಿಯವರೆಗೆ ಕಾಂಡದ ಒಂದು ಮಗ್ಗುಲಲ್ಲಿ ಮಾತ್ರ ನೇರಳೆ ಮಿಶ್ರಿತ ಕಪ್ಪು ಪಟ್ಟಿ ಎದ್ದಿದೆ. ಆ ಮಗ್ಗುಲಿನ ಕೊಂಬೆಗಳು ಒಣಗಿದ್ದರೆ, ಎದುರು ಮಗ್ಗುಲಿನ ಕೊಂಬೆಗಳಲ್ಲಿ ಇನ್ನೂ ಹಸಿರೆಲೆ ಮತ್ತು ಹೂವು ಇವೆ. ನಾಲ್ಕನೆಯ ಚಿತ್ರದಲ್ಲಿ ಈ ಗಿಡದ ಕಾಂಡವನ್ನು ಉದ್ದಕ್ಕೆ ಸೀಳಿ, ಆರೋಗ್ಯವಾಗಿರುವ ಗಿಡದ ಕಾಂಡದ ಪಕ್ಕದಲ್ಲಿಟ್ಟಿದ್ದೇನೆ. ಆರೋಗ್ಯವಾದದ್ದು ಒಳಗೆ ಬೆಳ್ಳಗಿದೆ. ರೋಗದ ಗಿಡದಲ್ಲಿ ಸಿಪ್ಪೆಯ ಕೆಳಗೆ ಕಡುಗಂದು ಗೆರೆಗಳು ಬೇರಿನಿಂದ ಕೊಂಬೆಯವರೆಗೂ ಎಳೆ ಎಳೆಯಾಗಿ ಸಾಗಿವೆ. ಈ ಗಿಡಗಳ ಬೇರು ಮಾತ್ರ ಕೊಳೆತಿಲ್ಲ. ಇದು ಫ್ಯುಸೇರಿಯಂ ಶಿಲೀಂಧ್ರದ ನಿಜವಾದ ನೆಟೆ ರೋಗವೆಂದು ನನ್ನ ತಿಳಿವಳಿಕೆ.

ತಗ್ಗಿನ ಭಾಗದ ಗಿಡಗಳು ಇದಕ್ಕಿಂತ ಬೇರೆ. ಐದನೆಯ ಚಿತ್ರದಲ್ಲಿ ಕಾಣುವಂತೆ, ನೆಲದಿಂದ ಒಂದು ಗೇಣಿನೊಳಗೆ ಕಾಂಡದ ಮೇಲೆ ಕಂದು ಬಣ್ಣದ, ಒಳಕ್ಕೆ ಕುಸಿದ ಮಚ್ಚೆಯೆದ್ದು ಅದು ಕಾಂಡವನ್ನು ಸುತ್ತುವರಿದಿದೆ. ಗಾಳಿಗೆ ಕೆಲವು ಗಿಡಗಳು ಸರಿಯಾಗಿ ಆ ಮಚ್ಚೆಯ ಜಾಗದಲ್ಲೇ ಮುರಿದುಬಿದ್ದಿವೆ. ಸೀಳಿದರೆ ಕಂದು ಬಣ್ಣ ಮಚ್ಚೆಯ ಸುತ್ತ ಇದೆಯೇ ಹೊರತು ಮೇಲಿನವರೆಗೆ ಗೆರೆಗಳಿಲ್ಲ. ನೀರು ನಿಂತ ಜಾಗದಲ್ಲೇ ಇದು ಕಂಡಿರುವುದರಿಂದ ಫೈಟೊಫ್ತೊರಾ ಅಂಗಮಾರಿ ಇರಬಹುದೇ ಎಂಬುದು ನನ್ನ ಪ್ರಶ್ನೆ. ಇನ್ನು ದಿಬ್ಬದ ಗಿಡಗಳು ಯಾವ ಮುನ್ಸೂಚನೆಯೂ ಇಲ್ಲದೆ ನಾಲ್ಕಾರು ದಿನಗಳಲ್ಲಿ ಪೂರ್ತಿ ಒಣಗುತ್ತವೆ. ಆರನೆಯ ಚಿತ್ರದಲ್ಲಿರುವ ಗಿಡವನ್ನು ಎಳೆದಾಗ ಸುಲಭವಾಗಿ ಕಿತ್ತುಬಂತು. ಎಳೆಬೇರುಗಳೇ ಇಲ್ಲ, ತಾಯಿಬೇರಿನ ತೊಗಟೆ ನಾರುನಾರಾಗಿ ಬಿಚ್ಚುತ್ತದೆ, ಬಗ್ಗಿಸಿದರೆ ಬೇರು ಒಣಕಟ್ಟಿಗೆಯಂತೆ ಲಟಕ್ಕನೆ ಮುರಿಯುತ್ತದೆ. ಇದನ್ನು ಒಣ ಬೇರುಕೊಳೆಯೆಂದು ತಿಳಿಯಬಹುದೇ ಎಂದು ತಾವು ಹೇಳಬೇಕು.

ಇದು ಕೇವಲ ತೇವದ ಕೊರತೆಯಿರಬಹುದು ಎಂದು ಕೆಲವರು ಹೇಳುತ್ತಾರೆ. ಹಾಗಿದ್ದಲ್ಲಿ ಮಧ್ಯಾಹ್ನ ಬಾಡಿದ ಗಿಡ ನಸುಕಿಗೆ ಚೇತರಿಸಿಕೊಳ್ಳಬೇಕಿತ್ತು. ನಮ್ಮ ಗಿಡಗಳು ಮಂಜು ಬಿದ್ದ ಬೆಳಗಿನಲ್ಲೂ ತಲೆ ಎತ್ತುವುದಿಲ್ಲ, ಮತ್ತು ಅದೇ ಸಾಲಿನ ಪಕ್ಕದ ಗಿಡ ಹಸಿರಾಗಿಯೇ ಇರುತ್ತದೆ. ನಡುಭಾಗದಲ್ಲಿ ಸಾಲು ಹಿಡಿದು ಎಣಿಸಿದಾಗ ನೂರು ಗಿಡಗಳಿಗೆ 18 ಬಾಡಿದ್ದವು, ತಗ್ಗಿನಲ್ಲಿ 11, ದಿಬ್ಬದಲ್ಲಿ 9. ಇನ್ನೊಂದು ಸಂಗತಿ ಮುಖ್ಯವೆನಿಸುತ್ತದೆ. ನಡುಭಾಗದಲ್ಲಿ ಸತತ ಮೂರನೇ ವರ್ಷ ತೊಗರಿಯೇ ಇದೆ. ದಾರಿಯ ಆಚೆ ನನ್ನ ತಮ್ಮನ ಹೊಲದಲ್ಲಿ ಹೋದ ವರ್ಷ ಬಿಳಿಜೋಳವಿತ್ತು, ಈ ವರ್ಷ ಅದೇ ಬೀಜ, ಅದೇ ವಾರದ ಬಿತ್ತನೆ. ಅಲ್ಲಿ ನೂರಕ್ಕೆ ಎರಡು ಮೂರು ಗಿಡಗಳು ಮಾತ್ರ ಬಾಡಿವೆ. ಏಳನೆಯ ಚಿತ್ರ ಆ ಹೊಲದ್ದು.

ಎಂಟನೆಯ ಚಿತ್ರದ ಗಿಡ ಒಣಗಿದ್ದಲ್ಲ. ಬದುವಿನ ಬಳಿ ಇಂತಹ ಹತ್ತು ಹನ್ನೆರಡು ಗಿಡಗಳಿದ್ದು, ಎಲೆಗಳು ಸಣ್ಣದಾಗಿ, ತಿಳಿಹಸಿರು ಮಚ್ಚೆಗಳಿಂದ ಕೂಡಿ, ಪೊದೆಯಂತೆ ಬೆಳೆದು ಒಂದು ಹೂವನ್ನೂ ಬಿಟ್ಟಿಲ್ಲ. ಇದು ನುಸಿಯಿಂದ ಹರಡುವ ಗೊಡ್ಡು ರೋಗವೇ ಆಗಿದ್ದರೆ ಅವನ್ನು ಕೂಡಲೇ ಕಿತ್ತು ಸುಡುತ್ತೇನೆ. ತಾವು ನೋಡಲೆಂದು ಸದ್ಯಕ್ಕೆ ಹಾಗೆಯೇ ಬಿಟ್ಟಿದ್ದೇನೆ.

ಔಷಧಿ ಅಂಗಡಿಯೊಂದರಲ್ಲಿ ಇಡೀ ಹೊಲಕ್ಕೆ ಕಾರ್ಬೆಂಡಜಿಮ್ ದ್ರಾವಣವನ್ನು ಬುಡಕ್ಕೆ ಸುರಿಯಲು ಹೇಳಿದ್ದಾರೆ. ಕಾಂಡದೊಳಗೆ ಇಷ್ಟು ಮೇಲೇರಿದ ರೋಗಕ್ಕೆ ಈ ಹಂತದಲ್ಲಿ ಅದರಿಂದ ಫಲವಿದೆಯೇ, ತಗ್ಗಿನ ರೋಗ ಬೇರೆಯದಾದರೆ ಅದೇ ಔಷಧಿ ಅಲ್ಲಿಗೂ ನಡೆಯುತ್ತದೆಯೇ ಎಂಬುದನ್ನು ತಾವು ತಿಳಿಸುವವರೆಗೆ ನಾನು ಖರೀದಿಸುವುದಿಲ್ಲ. ಹಸಿರಾಗಿರುವ ಗಿಡಗಳಿಗೆಂದು ತಂದಿಟ್ಟಿರುವ ಪಲ್ಸ್ ಮ್ಯಾಜಿಕ್ ಅನ್ನು ಈಗ ಸಿಂಪಡಿಸಬಹುದೇ, ಒಣಗಿದ ಗಿಡಗಳನ್ನು ಬೇರುಸಹಿತ ಕಿತ್ತು ಹೊರಗೆ ಹಾಕಬೇಕೇ, ಆರೋಗ್ಯವಾಗಿ ಕಾಣುವ ಗಿಡಗಳ ಕಾಳನ್ನು ಮುಂದಿನ ಬಿತ್ತನೆಗೆ ಇಟ್ಟುಕೊಳ್ಳಬಹುದೇ ಎಂಬುದನ್ನೂ ತಿಳಿಸಬೇಕು. ಮುಂದಿನ ವರ್ಷ ನಡುಭಾಗದಲ್ಲಿ ತೊಗರಿ ಬಿಟ್ಟು ಜೋಳ ಹಾಕಲು ನಿರ್ಧರಿಸಿದ್ದೇನೆ. ಎಷ್ಟು ವರ್ಷ ಬಿಡಬೇಕೆಂಬುದು ತಮ್ಮ ಸಲಹೆಯಂತೆ ಆಗಲಿ.

ಚಿತ್ರಗಳಿಂದ ತೀರ್ಮಾನಿಸುವುದು ಕಷ್ಟವಾದರೆ ದಯವಿಟ್ಟು ಹೊಲಕ್ಕೆ ಭೇಟಿ ಕೊಡಬೇಕು. ಅಗತ್ಯವೆನಿಸಿದರೆ ಮಾದರಿಗಳನ್ನು ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಮ್ಮ ಪತ್ರದೊಂದಿಗೆ ನಾನೇ ಒಯ್ದು ಕೊಡಲು ಸಿದ್ಧನಿದ್ದೇನೆ. ಮೂರೂ ಭಾಗಗಳಿಂದ ಎರಡೆರಡು ಗಿಡಗಳನ್ನು ಬೇರಿನ ಮಣ್ಣಿನ ಸಮೇತ ಅಗೆದು, ಬೂಸಲು ಬಾರದಂತೆ ಪ್ಲಾಸ್ಟಿಕ್ ಬಿಟ್ಟು ಹಳೆಯ ಪತ್ರಿಕೆಯಲ್ಲಿ ಬೇರೆ ಬೇರೆಯಾಗಿ ಸುತ್ತಿಟ್ಟಿದ್ದೇನೆ. ಅರ್ಧ ಒಣಗಿದ ಗಿಡಗಳಲ್ಲೇ ಲಕ್ಷಣಗಳು ಚೆನ್ನಾಗಿ ಕಾಣುವುದರಿಂದ, ಅವು ಪೂರ್ತಿ ಒಣಗುವ ಮೊದಲು, ಸಾಧ್ಯವಾದರೆ ಈ ವಾರದಲ್ಲೇ ಬೆಳಗಿನ ಹೊತ್ತು ಬರಬೇಕೆಂದು ಕೋರುತ್ತೇನೆ. ಬೀಜ ವಿತರಣೆಯ ವೇಳೆ ಕೊಟ್ಟ ನನ್ನ ಮೊಬೈಲ್ ಸಂಖ್ಯೆ ತಮ್ಮ ಕಚೇರಿಯಲ್ಲಿದೆ. ಕರೆ ಮಾಡಿದರೆ ಬಸ್ ನಿಲ್ದಾಣದ ಬಳಿ ಬಂದು ಹೊಲಕ್ಕೆ ಕರೆದೊಯ್ಯುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ಶರಣಪ್ಪ ಬಸಣ್ಣ ಪಾಟೀಲ

ಲಗತ್ತು: ಛಾಯಾಚಿತ್ರಗಳು 8, ಪಹಣಿ ಪ್ರತಿ 1, ಬೀಜ ಖರೀದಿಯ ರಸೀದಿ ಮತ್ತು ಬೀಜದ ಚೀಲದ ಚೀಟಿಯ ಪ್ರತಿ ತಲಾ 1.