ಸೆರಗಿನ ಕುಚ್ಚು ಕಿಟ್: ಕೈ ಮಾತ್ರ ಕಾಣುವ ವಿಡಿಯೊದ ಸ್ಕ್ರಿಪ್ಟ್

ಅವಧಿ: ಸುಮಾರು 4 ನಿಮಿಷ. ಫೋನು ನೆಟ್ಟಗೆ, 9:16.
ಸೀರೆ: ಕಡುಹಸಿರು ರೇಷ್ಮೆ, ಸೆರಗಿನ ಅಗಲ 46 ಇಂಚು, ಅಂಚು ಮಡಿಸಿ ಹೊಲಿದಿರಬೇಕು. ದಾರ: ಅರಿಶಿನ ಬಣ್ಣ. ಹಸಿರಿನ ಮೇಲೆ ಹಸಿರು ದಾರ ಚೆಂದವೇ, ಆದರೆ ಫೋನಿನ ತೆರೆಯಲ್ಲಿ ಒಂದು ಎಳೆಯೂ ಕಾಣುವುದಿಲ್ಲ.

ಶೂಟ್‌ಗೆ ಕೂರುವ ಮೊದಲು

ಫೋನನ್ನು ಸ್ಟ್ಯಾಂಡಿಗೆ ಕಟ್ಟಿ, ಮೇಜಿನಿಂದ 45 ಸೆಂ.ಮೀ. ಮೇಲೆ, ನೇರ ಕೆಳಗೆ ನೋಡುವಂತೆ ಇಡಿ. ಕೆಲಸ ಮಾಡುವವರು ಬಲಗೈಯವರಾದ್ದರಿಂದ ಕಿಟಕಿ ಅವರ ಎಡಕ್ಕೆ ಬರಬೇಕು. ಬಲಕ್ಕೆ ಬಂದರೆ ಅವರ ಕೈಯ ನೆರಳೇ ಸೂಜಿಯ ಮೇಲೆ ಬೀಳುತ್ತದೆ. ಟ್ಯೂಬ್‌ಲೈಟ್ ಆರಿಸಿ. ಕಿಟಕಿ ಬೆಳಕು, ಟ್ಯೂಬ್ ಬೆಳಕು ಎರಡೂ ಸೇರಿದರೆ ಅರಿಶಿನ ಬಣ್ಣ ಒಂದು ಶಾಟ್‌ನಲ್ಲಿ ನಿಂಬೆಹಣ್ಣು, ಇನ್ನೊಂದರಲ್ಲಿ ಸಾಸಿವೆ ಆಗುತ್ತದೆ. ಆಮೇಲೆ "ಫೋಟೊದಲ್ಲಿ ಬೇರೆ ಬಣ್ಣ ಇತ್ತು" ಅಂತ ಪ್ಯಾಕೆಟ್ ವಾಪಸ್ ಬರುತ್ತದೆ. ತೆರೆಯ ಮೇಲೆ ಬೆರಳೊತ್ತಿ ಹಿಡಿದು ಫೋಕಸ್ ಮತ್ತು ಬೆಳಕು ಎರಡನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಕೈ ಬಂದಾಗಲೆಲ್ಲ ಚಿತ್ರ ಮಸುಕಾಗಿ ಮತ್ತೆ ತಿಳಿಯಾಗುತ್ತದೆ.

ಕೈಗೆ ಸಂಬಂಧಿಸಿದ್ದು: ಹರಳಿನ ಉಂಗುರ ಬೇಡ, ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ. ಬಳೆ ಎರಡಿದ್ದರೆ ಸಾಕು, ಮಾತನ್ನು ಆಮೇಲೆ ಬೇರೆ ರೆಕಾರ್ಡ್ ಮಾಡುವುದರಿಂದ ಸದ್ದಿನ ಚಿಂತೆ ಇಲ್ಲ. ಒರಟು ಬೆರಳಿಗೆ ಕೊಬ್ಬರಿ ಎಣ್ಣೆ ಹಿಂದಿನ ರಾತ್ರಿಯೇ ಹಚ್ಚಿಕೊಳ್ಳಿ. ಬೆಳಗ್ಗೆ ಹಚ್ಚಿದರೆ ಸೀರೆಗೆ ಕಲೆ.

ಒಂದು ಕುಚ್ಚು ಪೂರ್ತಿ ಕಟ್ಟಲು 5-6 ನಿಮಿಷ ಬೇಕು, ನೋಡುವವರು ಅಷ್ಟು ಕಾಯುವುದಿಲ್ಲ. ಆದ್ದರಿಂದ ಸೆರಗಿನ ಎಡತುದಿಯಿಂದ 10 ಕುಚ್ಚು ಮುಗಿಸಿಟ್ಟಿರಿ. 11ನೆಯದು ಕತ್ತರಿಸುವುದಷ್ಟೇ ಬಾಕಿ, 12ನೆಯದು ಜರಿ ಸುತ್ತುವುದು ಬಾಕಿ, 13ನೆಯ ಗುರುತು ಖಾಲಿ. ಪ್ರತಿ ಶಾಟ್ ಮುಗಿದ ಮೇಲೆ ಕೈಯನ್ನು 2 ಸೆಕೆಂಡ್ ಅಲ್ಲಾಡಿಸದೆ ಇಡಿ, ಕತ್ತರಿಸಿ ಜೋಡಿಸಲು ಅದು ಬೇಕು. ಮೇಜಿನ ಮೇಲೆ ಫ್ರೇಮಿನ ನಾಲ್ಕು ಮೂಲೆಗೆ ಟೇಪ್ ತುಂಡು ಅಂಟಿಸಿಕೊಂಡರೆ ಕೈ ಎಲ್ಲಿಗೆ ಹೋದರೆ ಹೊರಗಾಗುತ್ತದೆ ಅಂತ ತಲೆ ಎತ್ತದೆ ಗೊತ್ತಾಗುತ್ತದೆ.

ಶಾಟ್ 1 (8 ಸೆಕೆಂಡ್)

ಮುಗಿದ 10 ಕುಚ್ಚುಗಳ ಮೇಲೆ ಅಂಗೈ ಎಡದಿಂದ ಬಲಕ್ಕೆ ನಿಧಾನ ಸರಿಯುತ್ತದೆ. ಕುಚ್ಚುಗಳು ಬೆರಳಿನ ಹಿಂದೆ ಒಂದೊಂದಾಗಿ ಏಳುತ್ತವೆ.

ಮಾತು: "ಸೀರೆ ತಗೊಂಡಾಯ್ತು, ಸೆರಗಿಗೆ ಕುಚ್ಚು ಯಾರು ಕಟ್ಟೋದು? ಈ ಕಿಟ್‌ನಲ್ಲಿ 50 ಕುಚ್ಚಿಗೆ ಬೇಕಾದ್ದೆಲ್ಲ ಇದೆ. ಕಟ್ಟೋದು ಹೇಗೆ ಅಂತ ನೋಡಿ."

ಶಾಟ್ 2 (25 ಸೆಕೆಂಡ್)

ಖಾಲಿ ಬಿಳಿ ಬಟ್ಟೆ. ಕೈ ಒಂದೊಂದೇ ವಸ್ತು ತಂದಿಡುತ್ತದೆ. ಇಟ್ಟ ಜಾಗದಿಂದ ಮತ್ತೆ ಸರಿಸಬಾರದು.

ಮಾತು: "ದಾರದ ರೀಲು 3, ಒಂದೊಂದೂ 100 ಮೀಟರ್. ಜರಿ ದಾರ 20 ಮೀಟರ್. 6 ಮಿ.ಮೀ. ಮಣಿ 55, ಐದು ಹೆಚ್ಚಿಗೆ ಹಾಕಿದೀವಿ, ಉರುಳಿ ಮಂಚದ ಕೆಳಗೆ ಹೋಗೋದು ಇದ್ದೇ ಇರುತ್ತೆ. ತೆಳು ಸೂಜಿ 2, ಹೊಲಿಯೋ ದಾರ 1, 3 ಇಂಚಿನ ರಟ್ಟು, ಕಾಗದದ ಪಟ್ಟಿ. ಕತ್ತರಿ ಮತ್ತು ಟೇಪು ನಿಮ್ಮದೇ."

ತೆರೆಯ ಮೇಲೆ: ದಾರ ಆರ್ಟ್ ಸಿಲ್ಕ್, ಜರಿ ಅಸಲಿ ಬೆಳ್ಳಿಯದಲ್ಲ

ಆ ಸಾಲು 4 ಸೆಕೆಂಡ್ ನಿಲ್ಲಲಿ. "ರೇಷ್ಮೆ ದಾರ" ಅಂತ ಎಲ್ಲರೂ ಕರೆಯುತ್ತಾರೆ ಎಂದು ನಾವೂ ಹಾಗೇ ಬಿಟ್ಟುಬಿಡುವುದು ಬೇಡ.

ಶಾಟ್ 3 (20 ಸೆಕೆಂಡ್)

ಒದ್ದೆ ಬಿಳಿ ಬಟ್ಟೆಯ ತುಂಡಿನ ನಡುವೆ ಒಂದು ಗೇಣು ದಾರ ಇಟ್ಟು ಹೆಬ್ಬೆರಳಿನಿಂದ ಒತ್ತಿ ಎಳೆಯುವುದು. ಬಟ್ಟೆ ಬಿಚ್ಚಿ ತೋರಿಸುವುದು.

ಮಾತು: "ಮೊದಲು ಇದು. ಬಟ್ಟೆಗೆ ಬಣ್ಣ ಹತ್ತಿದ್ರೆ ತಿಳಿ ಬಣ್ಣದ ಸೀರೆಗೆ ಆ ದಾರ ಕಟ್ಟಬೇಡಿ. ಕೆಂಪು ಮತ್ತು ಮರೂನ್ ದಾರಕ್ಕಂತೂ ಈ ಪರೀಕ್ಷೆ ಬಿಡಲೇಬೇಡಿ."

ಶಾಟ್ 4 (20 ಸೆಕೆಂಡ್)

ಸೆರಗಿನ ಒಳಮಗ್ಗುಲು ಮೇಲಕ್ಕೆ. ಟೇಪು ಹಾಸಿ, ಬಟ್ಟೆ ಚಾಕ್‌ನಿಂದ ಚುಕ್ಕೆ.

ಮಾತು: "ಒಳಗಡೆ ಗುರುತು ಮಾಡಿ. ತುದಿಯಿಂದ ಅರ್ಧ ಇಂಚು ಬಿಟ್ಟು ಮೊದಲ ಚುಕ್ಕೆ, ಆಮೇಲೆ ಒಂದೊಂದು ಇಂಚಿಗೆ ಒಂದು. 46 ಇಂಚಿನ ಸೆರಗಿಗೆ 46 ಕುಚ್ಚು ಬರುತ್ತೆ, ಆ ಕಡೆ ಕೊನೇಲೂ ಅರ್ಧ ಇಂಚೇ ಉಳಿಯುತ್ತೆ. ನಿಮ್ಮ ಸೆರಗು ಎಷ್ಟಿದೆ ಅಂತ ಮೊದಲು ಅಳೆದು ಆಮೇಲೆ ಶುರು ಮಾಡಿ. ಕಣ್ಣಂದಾಜಲ್ಲಿ ಹೋದ್ರೆ ಕೊನೇ ಮೂರು ಕುಚ್ಚು ಒಂದರ ಮೇಲೊಂದು ಕೂರುತ್ತೆ."

ಶಾಟ್ 5 (30 ಸೆಕೆಂಡ್)

ರಟ್ಟಿನ ಮೇಲೆ ದಾರ ಸುತ್ತುವುದು. ಮೊದಲ 5 ಸುತ್ತು ನಿಜವಾದ ವೇಗದಲ್ಲಿ, ಉಳಿದದ್ದು ನಾಲ್ಕು ಪಟ್ಟು ವೇಗದಲ್ಲಿ. ಕತ್ತರಿ ರಟ್ಟಿನ ಒಂದೇ ಅಂಚಿನಲ್ಲಿ ನುಗ್ಗುವುದು ಹತ್ತಿರದಿಂದ.

ಮಾತು: "ರಟ್ಟಿಗೆ 30 ಸುತ್ತು. ದಾರ ರಟ್ಟಿಗೆ ತಾಗಿದ್ರೆ ಸಾಕು, ಬಿಗಿಯಬೇಡಿ. ಬಿಗಿದ್ರೆ ರಟ್ಟು ಬಾಗಿ ಎಳೆಗಳು ಗಿಡ್ಡ ಆಗುತ್ತೆ. ಈಗ ಒಂದೇ ಕಡೆ ಕತ್ತರಿಸಿ. 6 ಇಂಚಿನ 30 ಎಳೆ ಸಿಕ್ತು. ಮಧ್ಯಕ್ಕೆ ಮಡಿಸಿದಾಗ ಇದೇ 60 ಎಳೆ ಆಗಿ ತೂಗುತ್ತೆ. ಮೈಸೂರ್ ಸಿಲ್ಕ್ ಥರ ಹಗುರ ಸೀರೆಗೆ 20 ಸುತ್ತು ಸಾಕು, ಭಾರ ಜಾಸ್ತಿಯಾದ್ರೆ ಸೆರಗು ಕೆಳಕ್ಕೆ ಜಗ್ಗುತ್ತೆ."

ತೆರೆಯ ಮೇಲೆ: 1 ಕುಚ್ಚಿಗೆ ಸುಮಾರು 4.6 ಮೀಟರ್ ದಾರ

ಶಾಟ್ 6 (50 ಸೆಕೆಂಡ್)

ಮುಖ್ಯ ಶಾಟ್. ಫೋನು 25 ಸೆಂ.ಮೀ.ಗೆ ಇಳಿಸಿ, ಫೋಕಸ್ ಮತ್ತೆ ಲಾಕ್ ಮಾಡಿ. 13ನೆಯ ಗುರುತು ಫ್ರೇಮಿನ ನಡುವೆ. ವೇಗ ಹೆಚ್ಚಿಸಬಾರದು. ಎಡಗೈ ಹೆಬ್ಬೆರಳು ಮಣಿಯನ್ನು ಮುಚ್ಚುವುದು ಅಭ್ಯಾಸ, ಅದಕ್ಕೆ ಎಡಗೈ ಸೆರಗನ್ನು ಮೇಲಿಂದ ಹಿಡಿಯಲಿ, ಪಕ್ಕದಿಂದ ಬೇಡ.

ಮಾತು: "ಸೂಜಿಗೆ ಎರಡೆಳೆ ದಾರ. ಒಳಗಿನಿಂದ ಚುಚ್ಚಿ, ಮಡಿಸಿ ಹೊಲಿದ ಅಂಚಿನಲ್ಲೇ ಹೊರಗೆ ತೆಗೀರಿ. ಅಂಚಿಗಿಂತ ಮೇಲೆ, ಒಂಟಿ ಬಟ್ಟೆ ಇರೋ ಕಡೆ ಚುಚ್ಚಿದ್ರೆ ಕುಚ್ಚಿನ ಭಾರಕ್ಕೆ ರಂಧ್ರ ದೊಡ್ಡದಾಗುತ್ತೆ." (ಸೂಜಿ ಹೊರಬರುವವರೆಗೆ ಮಾತು ನಿಲ್ಲಲಿ.) "ಮಣಿ ಹಾಕಿ. ಎಳೆಗಳ ಕಟ್ಟನ್ನ ಅಡ್ಡಲಾಗಿ ಇಟ್ಟು, ನಡುಮಧ್ಯಕ್ಕೆ ದಾರ ಬಳಸಿ. ಅದೇ ಸೂಜಿ ಮತ್ತೆ ಅದೇ ಮಣಿ ಒಳಗೆ ಮೇಲಕ್ಕೆ ಹೋಗಬೇಕು. ಈಗ ಎಳೀರಿ. ಕಟ್ಟು ಮಣಿಗೆ ಅಂಟಿ ಕೂತಾಗ ನಿಲ್ಲಿಸಿ. ಇನ್ನೂ ಜಗ್ಗಿದ್ರೆ ಸೆರಗಿನ ಅಂಚು ಸುಕ್ಕಾಗುತ್ತೆ. ಒಳಗಡೆ ಎರಡು ಗಂಟು ಹಾಕಿ ಕತ್ತರಿಸಿ. ಪಕ್ಕದ ಕುಚ್ಚಿಗೆ ಅದೇ ದಾರ ಎಳ್ಕೊಂಡು ಹೋಗಬೇಡಿ. ಒಂದು ಕಡೆ ಹರಿದ್ರೆ ಸಾಲಾಗಿ ಬಿಚ್ಚಿಕೊಳ್ಳುತ್ತೆ."

ಶಾಟ್ 7 (40 ಸೆಕೆಂಡ್)

12ನೆಯ ಕುಚ್ಚು. ಎಳೆಗಳು ಕೆಳಕ್ಕೆ ಮಡಚಿ ತೂಗುತ್ತಿವೆ. 12 ಇಂಚು ಜರಿ ದಾರ. ಇಲ್ಲಿ ಜರಿಯ ಕುಣಿಕೆ ಕಾಣದಿದ್ದರೆ ಇಡೀ ಶಾಟ್ ವ್ಯರ್ಥ. ಸೂರ್ಯನ ನೇರ ಬಿಸಿಲು ಬಿದ್ದರೆ ಜರಿ ಹೊಳೆದು ಬರೀ ಬಿಳಿ ಗೆರೆಯಾಗುತ್ತದೆ, ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ.

ಮಾತು: "ಜರಿ ದಾರದ ತುದೀಲಿ ಒಂದು ಕುಣಿಕೆ ಮಾಡಿ. ಕುಣಿಕೆ ಕೆಳಗೆ ಬರಲಿ, ಗಿಡ್ಡ ತುದಿ ಮೇಲೆ ಮಣಿ ಹತ್ತಿರ ಉಳೀಲಿ. ಈಗ ಉದ್ದದ ದಾರದಿಂದ ಮೇಲಿಂದ ಕೆಳಕ್ಕೆ 8 ಸುತ್ತು, ಪಕ್ಕಪಕ್ಕ, ಬಿಗಿಯಾಗಿ. ಉಳಿದ ತುದೀನ ಕುಣಿಕೆ ಒಳಗೆ ತೂರಿಸಿ. ಮೇಲಿನ ಗಿಡ್ಡ ತುದಿ ಎಳೀರಿ, ಕುಣಿಕೆ ಸುತ್ತಿನ ಒಳಗೆ ಹೋಗಿ ಮುಚ್ಚಿಕೊಳ್ಳುತ್ತೆ. ಎರಡೂ ತುದಿ ಕತ್ತರಿಸಿ. ಅಂಟು ಬೇಡವೇ ಬೇಡ. ಅಂಟು ಒಣಗಿ ಕುಚ್ಚಿನ ಕುತ್ತಿಗೆ ಕಡ್ಡಿ ಆಗುತ್ತೆ, ಸೀರೆಗೆ ತಾಗಿದ್ರೆ ಕಲೆ ಹೋಗಲ್ಲ."

ಕೈ ಒಂದೇ ಒಂದು ಎಳೆಯನ್ನು ಹಿಡಿದು ಮೆಲ್ಲಗೆ ಎಳೆದು ತೋರಿಸುತ್ತದೆ.

ಮಾತು: "ಎಳೆ ಜಾರಿ ಬಂದ್ರೆ ಸುತ್ತು ಸಡಿಲ ಇದೆ. ಬಿಚ್ಚಿ ಮತ್ತೆ ಸುತ್ತಿ."

ಶಾಟ್ 8 (25 ಸೆಕೆಂಡ್)

11ನೆಯ ಕುಚ್ಚು. ಇಸ್ತ್ರಿಪೆಟ್ಟಿಗೆಯ ಆವಿಯನ್ನು ಒಂದು ಗೇಣು ದೂರದಿಂದ ತೋರಿಸಿ, ಎಳೆಗಳ ಸುರುಳಿ ಬಿಚ್ಚುವುದು. ಆಮೇಲೆ 2¼ ಇಂಚಿನ ಕಾಗದದ ಪಟ್ಟಿ ಕುಚ್ಚಿನ ಸುತ್ತ ಬಿಗಿಯಾಗಿ ಸುರುಳಿ ಸುತ್ತಿ, ಕಾಗದದ ಕೆಳ ಅಂಚಿಗೆ ಕತ್ತರಿ.

ಮಾತು: "ಆವಿ ಮಾತ್ರ ತೋರಿಸಿ. ಇಸ್ತ್ರಿ ಜರಿಗೆ ತಾಗಿದ್ರೆ ಜರಿ ಕರಗುತ್ತೆ. ಕಾಗದ ಮಣಿಗೆ ತಾಗೋ ಹಾಗೆ ಸುತ್ತಿ ಒಂದೇ ಸಲಕ್ಕೆ ಕತ್ತರಿಸಿ. ಕಾಗದ ಇಲ್ಲದೆ ಸರಿ ಮಾಡೋಕೆ ಹೋದ್ರೆ ಇನ್ನೊಂಚೂರು, ಇನ್ನೊಂಚೂರು ಅಂತ ಕುಚ್ಚು ಅರ್ಧ ಆಗೋಗುತ್ತೆ."

ಕೊನೆಯ ಶಾಟ್ (18 ಸೆಕೆಂಡ್)

ಫೋನನ್ನು ಮೇಲಿನಿಂದ ಇಳಿಸಿ ಎದುರಿಗೆ, ಮೇಜಿನ ಮಟ್ಟಕ್ಕೆ ತನ್ನಿ. ಈ ಒಂದು ಶಾಟ್‌ಗೆ ಮಾತ್ರ. ಬೇರೊಂದು ದಿನ 46 ಕುಚ್ಚೂ ಮುಗಿಸಿದ ಇದೇ ಸೀರೆ, ಅದೇ ಕಿಟಕಿ, ಅದೇ ಹೊತ್ತು. ಎರಡು ಕೈ ಸೆರಗಿನ ಎರಡು ಕಡೆ ಹಿಡಿದು ಫ್ರೇಮಿಗೆ ಎತ್ತುತ್ತವೆ, ಒಮ್ಮೆ ಮೆಲ್ಲಗೆ ಕೊಡವುತ್ತವೆ. ಕುಚ್ಚುಗಳ ತೂಗಾಟ ತಾನಾಗಿ ನಿಲ್ಲುವವರೆಗೆ ಕಾಯಿರಿ, ಕತ್ತರಿಸಬೇಡಿ. ಸೆರಗನ್ನು ಮೇಜಿನ ಅಂಚಿನಿಂದ ಇಳಿಬಿಟ್ಟು, ಬಲಗೈ ಕಿಟ್‌ನ ಡಬ್ಬಿಯನ್ನು ಕೆಳಗಿನ ಬಲ ಮೂಲೆಯಲ್ಲಿಟ್ಟು ಹೊರಗೆ ಹೋಗುತ್ತದೆ. ಕೊನೆಯ 5 ಸೆಕೆಂಡ್ ಕೈ ಇಲ್ಲ, ಅಲುಗಾಟ ಇಲ್ಲ. ಮೇಲಿನ ಅರ್ಧ ಖಾಲಿ ಇರಲಿ, ಅಕ್ಷರ ಅಲ್ಲಿ ಬರುತ್ತದೆ.

ಮಾತು: "ದಿನಕ್ಕೆರಡು ಗಂಟೆ ಕೂತ್ರೆ ಎರಡು ಮೂರು ದಿನಕ್ಕೆ ಒಂದು ಸೆರಗು ಮುಗಿಯುತ್ತೆ. ಕುಚ್ಚು ಕಟ್ಟಿದ ಸೀರೆ ಡ್ರೈಕ್ಲೀನ್‌ಗೇ ಕೊಡಿ. ಮಡಿಸುವಾಗ ಕುಚ್ಚು ಒಳಗೆ ಬರಲಿ, ಮೇಲೊಂದು ಹತ್ತಿ ಬಟ್ಟೆ."

ತೆರೆಯ ಮೇಲೆ:
ಸೆರಗಿನ ಕುಚ್ಚು ಕಿಟ್, 50 ಕುಚ್ಚಿಗೆ
ಅರಿಶಿನ, ಮರೂನ್, ನವಿಲುನೀಲಿ
420 ರೂ., ಅಂಚೆ ಖರ್ಚು ಬೇರೆ
ಆರ್ಡರ್‌ಗೆ ನಿಮ್ಮ ಸೆರಗಿನ ಅಗಲ ಬರೆದು ಮೆಸೇಜ್ ಮಾಡಿ