ಆಟಿ ಕಷಾಯ: ಹಳೆ ಸಂದೇಶದ ಬದಲು ಇದನ್ನು ಕಳಿಸಿ

"ಹಾಲೆ ಮರದ ಕಷಾಯ ಒಮ್ಮೆ ಕುಡಿದರೆ ವರ್ಷವಿಡೀ ರೋಗವಿಲ್ಲ, ಮಲೇರಿಯಾ, ಕ್ಯಾನ್ಸರ್ ಮಾಯ" ಎಂಬ ಸಂದೇಶ ಉಡುಪಿಯ ಗ್ರೂಪುಗಳಲ್ಲಿ ಮತ್ತೆ ಓಡಾಡುತ್ತಿದೆ. ತಿದ್ದಿದ ಪಾಠ ಇದು:

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಗೆ ಹಾಲೆ (ತುಳುವಿನಲ್ಲಿ ಪಾಲೆ) ಮರದ ತೊಗಟೆಯ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಣ್ಣುವುದು ತುಳುನಾಡಿನ ಸಂಪ್ರದಾಯ. ಈ ತೊಗಟೆಯನ್ನು ಹಿಂದಿನವರು ಜ್ವರಕ್ಕೆ ಬಳಸುತ್ತಿದ್ದರು. ಒಂದು ದಿನದ ಕಷಾಯ ವರ್ಷವಿಡೀ ಕಾಯುತ್ತದೆ ಎನ್ನಲು ಆಧಾರವಿಲ್ಲ. ಕ್ಯಾನ್ಸರಿನ ಮಾತನ್ನು ಪೂರ್ತಿ ತೆಗೆದಿದ್ದೇವೆ.

ನಿಜವಾದ ಅಪಾಯ ಮರ ತಪ್ಪುವುದು. ಮುಂಜಾನೆಯ ಕತ್ತಲಲ್ಲಿ ಹಾಲೆಯೆಂದು ಕಾಸರಕನ ತೊಗಟೆ ಕೆತ್ತಿದರೆ ಅದರಲ್ಲಿರುವ ಸ್ಟ್ರಿಕ್ನಿನ್ ಜೀವ ತೆಗೆಯಬಲ್ಲದು; ಕುದಿಸಿದರೂ, ಕಾಳುಮೆಣಸು, ಬೆಳ್ಳುಳ್ಳಿ ಅರೆದು ಹಾಕಿದರೂ ವಿಷ ಹೋಗದು. ಹಾಲೆಯಲ್ಲಿ ಒಂದೇ ಗಂಟಿನ ಸುತ್ತ ಸಾಮಾನ್ಯವಾಗಿ ನಾಲ್ಕರಿಂದ ಏಳು ಎಲೆ, ಗಾಯ ಮಾಡಿದರೆ ಬಿಳಿ ಹಾಲು. ಕಾಸರಕನಲ್ಲಿ ಎಲೆ ಎದುರುಬದುರು ಎರಡೆರಡೇ, ಹಾಲು ಬಾರದು. ಹಿಂದಿನ ದಿನ ಹಗಲಲ್ಲೇ ಮರ ಬಲ್ಲ ಹಿರಿಯರಿಂದ ಗುರುತು ಹಾಕಿಸಿಡಿ. ಅನುಮಾನವಿದ್ದರೆ ಈ ವರ್ಷ ಮೆಂತೆ ಗಂಜಿಯೇ ಸಾಕು.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಕುಡಿಯುವುದು ಬೇಡ. ನಿತ್ಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ, ಮಾತ್ರೆ ನಿಲ್ಲಿಸಬೇಡಿ.

ಮಳೆಗಾಲದ ಜ್ವರಕ್ಕೆ ಕಷಾಯವನ್ನೇ ನಂಬಿ ಕೂರದೆ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಮಲೇರಿಯಾ ಪರೀಕ್ಷೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ.

ಕುಡಿದ ಮೇಲೆ ಕುತ್ತಿಗೆ, ದವಡೆ ಬಿಗಿದರೆ, ಮೈ ಸೆಟೆದರೆ ವಾಂತಿ ಮಾಡಿಸಲು ಹೋಗದೆ 108ಕ್ಕೆ ಕರೆ ಮಾಡಿ. ಉಳಿದ ತೊಗಟೆಯ ಚೂರನ್ನೂ ಆಸ್ಪತ್ರೆಗೆ ಒಯ್ಯಿರಿ.